ಪರಿಷ್ಕೃತ ವೇತನ ಪತ್ರದಲ್ಲಿ ಮೂಲ ವೇತನ ಇಳಿಸಿರುವ ಬಗ್ಗೆ ವಿವರಣೆ ಕೋರಿ ಮನವಿ

ಹಾಸನ
ದಿನಾಂಕ: 19 ಜನವರಿ 2026

ಇವರಿಂದ,
ಲತಾ ಎಚ್. ಎಸ್.
ಹಿರಿಯ ಗುಣಮಟ್ಟ ಪರಿಶೀಲಕಿ, ಪ್ರಯೋಗಾಲಯ ವಿಭಾಗ
ಕಾಫಿ ಸಂಸ್ಕರಣಾ ಘಟಕ, ಹಾಸನ

ಇವರಿಗೆ,
ವ್ಯವಸ್ಥಾಪಕರು
ಮಾನವ ಸಂಪನ್ಮೂಲ ವಿಭಾಗ
ಕಾಫಿ ಸಂಸ್ಕರಣಾ ಘಟಕ, ಹಾಸನ

ವಿಷಯ: 1 ಜನವರಿ 2026ರಿಂದ ಜಾರಿಯಾಗುವ ವೇತನ ಪರಿಷ್ಕರಣೆಯಲ್ಲಿ ಒಟ್ಟು ಮೊತ್ತ ಹೆಚ್ಚಾಗಿ ಮೂಲ ವೇತನ ಕಡಿಮೆಯಾಗಿರುವುದು.

ಉಲ್ಲೇಖ: ತಮ್ಮ ವಿಭಾಗದ ದಿನಾಂಕ 5 ಜನವರಿ 2026ರ ಪರಿಷ್ಕೃತ ವೇತನ ಪತ್ರ, ನನ್ನ ನೇಮಕಾತಿ ಪತ್ರ, ದಿನಾಂಕ 9 ಜೂನ್ 2014.

ಮಾನ್ಯರೇ,

ಮೇಲೆ ಉಲ್ಲೇಖಿಸಿದ ಪರಿಷ್ಕೃತ ವೇತನ ಪತ್ರ ನನಗೆ ತಲುಪಿದೆ. ನನ್ನ ವಾರ್ಷಿಕ ಒಟ್ಟು ಮೊತ್ತ 4,36,224 ರೂಪಾಯಿಗಳಿಂದ 4,75,044 ರೂಪಾಯಿಗಳಿಗೆ, ಅಂದರೆ ಶೇಕಡ 8.9ರಷ್ಟು ಏರಿದೆ ಎಂದು ಅದರ ಮೊದಲ ಪುಟದಲ್ಲಿ ತಿಳಿಸಲಾಗಿದೆ. ಆದರೆ ಎರಡನೇ ಪುಟದ ವಿವರಪಟ್ಟಿಯಲ್ಲಿ ಇದುವರೆಗೆ ತಿಂಗಳಿಗೆ 19,600 ರೂಪಾಯಿ ಇದ್ದ ಮೂಲ ವೇತನ 14,500 ರೂಪಾಯಿಗೆ ಇಳಿದಿದೆ. ಈ ಇಳಿಕೆಗೆ ಪತ್ರದಲ್ಲಿ ಎಲ್ಲಿಯೂ ಕಾರಣ ಕೊಟ್ಟಿಲ್ಲ. ಇಳಿಕೆ ಆಗಿದೆ ಎಂಬ ಮಾತು ಸಹ ಇಲ್ಲ. ಪತ್ರದ ಪ್ರತಿಗೆ "ಓದಿ ಒಪ್ಪಿಕೊಂಡಿದ್ದೇನೆ" ಎಂಬ ಒಕ್ಕಣೆಯ ಕೆಳಗೆ ಸಹಿ ಮಾಡಿ ಜನವರಿ 23ರೊಳಗೆ ಹಿಂದಿರುಗಿಸಬೇಕೆಂದು ಸೂಚಿಸಿರುವುದರಿಂದ, ಒಪ್ಪುವ ಮೊದಲು ಕೆಲವು ವಿಷಯಗಳಲ್ಲಿ ತಮ್ಮಿಂದ ಲಿಖಿತ ವಿವರಣೆ ಪಡೆಯುವುದು ಅಗತ್ಯವೆಂದು ಭಾವಿಸಿ ಈ ಮನವಿಯನ್ನು ಬರೆಯುತ್ತಿದ್ದೇನೆ.

ಹಳೆಯ ಮತ್ತು ಹೊಸ ಪತ್ರಗಳಲ್ಲಿರುವ ಮಾಸಿಕ ಮೊತ್ತಗಳನ್ನು ಒಂದೇ ಕಡೆ ಇಟ್ಟು ನೋಡಿದರೆ ಹೀಗಿದೆ:

| ಬಾಬತ್ತು | ಹಿಂದಿನದು (ರೂ.) | ಪರಿಷ್ಕೃತ (ರೂ.) |
|---|---|---|
| ಮೂಲ ವೇತನ | 19,600 | 14,500 |
| ಮನೆ ಬಾಡಿಗೆ ಭತ್ಯೆ | 7,840 | 5,800 |
| ಪ್ರಯಾಣ ಭತ್ಯೆ | 1,600 | 1,600 |
| ವಿಶೇಷ ಭತ್ಯೆ | 4,960 | 12,600 |
| ನಿಶ್ಚಿತ ವೇತನ | 34,000 | 34,500 |
| ಪಿಎಫ್‌ಗೆ ಕಂಪನಿಯ ಪಾಲು | 2,352 | 1,740 |
| ಗ್ರಾಚ್ಯುಟಿ | ತೋರಿಸಿಲ್ಲ | 697 |
| ಗುಂಪು ವಿಮೆಯ ಕಂತು | ತೋರಿಸಿಲ್ಲ | 650 |
| ಸಾಧನೆ ಆಧಾರಿತ ಮೊತ್ತ, ಗರಿಷ್ಠ | ಇರಲಿಲ್ಲ | 2,000 |
| ಒಟ್ಟು | 36,352 | 39,587 |

ಒಟ್ಟು ಮೊತ್ತದಲ್ಲಿ ಕಾಣುವ ಮಾಸಿಕ ಏರಿಕೆ 3,235 ರೂಪಾಯಿ. ಇದರಲ್ಲಿ ನಿಶ್ಚಿತ ವೇತನಕ್ಕೆ ಸೇರಿರುವುದು 500 ರೂಪಾಯಿ ಮಾತ್ರ. ಅದೇ ಹೊತ್ತಿಗೆ ಪಿಎಫ್‌ಗೆ ಕಂಪನಿ ಕಟ್ಟುವ ಪಾಲು 612 ರೂಪಾಯಿ ಕಡಿಮೆಯಾಗಿದೆ. ಉಳಿದ ಏರಿಕೆಯೆಲ್ಲ ಹಿಂದಿನ ಪತ್ರದ ಒಟ್ಟು ಮೊತ್ತದಲ್ಲಿ ಸೇರಿಸಿರದ ಮೂರು ಬಾಬತ್ತುಗಳಿಂದ ಬಂದದ್ದು. ಇವುಗಳಲ್ಲಿ ಗ್ರಾಚ್ಯುಟಿಯ ಹೊಣೆ ಕಂಪನಿಯ ಮೇಲೆ ಮೊದಲಿನಿಂದಲೂ ಇತ್ತು. ಗುಂಪು ವಿಮೆಯ ಕಾರ್ಡು ನಮಗೆಲ್ಲರಿಗೂ ಈ ಮುಂಚೆಯೇ ಸಿಕ್ಕಿದೆ. ಇದುವರೆಗೆ ಲೆಕ್ಕಕ್ಕೆ ಹಿಡಿಯದೆ ಕೊಡುತ್ತಿದ್ದುದನ್ನು ಈಗ ಲೆಕ್ಕದೊಳಗೆ ಬರೆದು ಏರಿಕೆ ಎನ್ನುವುದು, ಒಂದೇ ಸರಕನ್ನು ಮೊದಲು ಚೀಲ ಕಳೆದು, ಆಮೇಲೆ ಚೀಲ ಸಮೇತ ತೂಗಿ ತೂಕ ಹೆಚ್ಚಾಯಿತೆಂದು ಬರೆದುಕೊಂಡಂತೆ ಆಗುತ್ತದೆ ಎಂಬುದನ್ನು ನಮ್ಮ ಗೋದಾಮಿನ ಕೆಲಸ ಬಲ್ಲ ತಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಿಶ್ಚಿತ ವೇತನ ಮತ್ತು ಪಿಎಫ್ ಪಾಲು ಇವೆರಡನ್ನೇ ಕೂಡಿಸಿ ನೋಡಿದರೆ ಹಿಂದೆ 36,352 ರೂಪಾಯಿ ಇದ್ದದ್ದು ಈಗ 36,240 ಆಗಿ, ತಿಂಗಳಿಗೆ 112 ರೂಪಾಯಿ ಇಳಿದಿದೆ.

ಇದನ್ನು ನಾನು ದೂರವಾಣಿಯಲ್ಲಿ ಪ್ರಸ್ತಾಪಿಸಿದಾಗ, ಕೈಗೆ ಬರುವ ಸಂಬಳ ಹೆಚ್ಚಾಗಿದೆಯಲ್ಲ ಎಂಬ ಉತ್ತರ ತಮ್ಮ ವಿಭಾಗದಿಂದ ಬಂತು. ಅದು ನಿಜ. ವೃತ್ತಿ ತೆರಿಗೆ 200 ರೂಪಾಯಿ ಕಳೆದ ಮೇಲೆ 31,448 ರೂಪಾಯಿ ಬರುತ್ತಿದ್ದ ಕಡೆ ಇನ್ನು 32,560 ಬರುತ್ತದೆ. ಆದರೆ ಹೆಚ್ಚಾದ ಆ 1,112 ರೂಪಾಯಿಯಲ್ಲಿ 612 ರೂಪಾಯಿ ಇದುವರೆಗೆ ನನ್ನದೇ ಪಿಎಫ್ ಖಾತೆಗೆ ಹೋಗುತ್ತಿದ್ದ ನನ್ನದೇ ಹಣ. ನನ್ನ ಮತ್ತು ಕಂಪನಿಯ ಪಾಲು ಸೇರಿ ತಿಂಗಳಿಗೆ 4,704 ರೂಪಾಯಿ ಸಂದಾಯವಾಗುತ್ತಿದ್ದ ಕಡೆ ಇನ್ನು 3,480 ಮಾತ್ರ ಸಂದಾಯವಾಗುತ್ತದೆ. ಬಡ್ಡಿಯನ್ನು ಬಿಟ್ಟರೂ ವರ್ಷಕ್ಕೆ 14,688 ರೂಪಾಯಿ ಉಳಿತಾಯ ಕಡಿಮೆಯಾದಂತಾಯಿತು.

ಹೊಸ ಮೂಲ ವೇತನ 15,000 ರೂಪಾಯಿಗಿಂತ ಕೆಳಗೆ ಬಂದಿರುವುದನ್ನು ಪ್ರತ್ಯೇಕವಾಗಿ ತಮ್ಮ ಗಮನಕ್ಕೆ ತರಬೇಕಾಗಿದೆ. ಪಿಎಫ್‌ನ ಶಾಸನಬದ್ಧ ವೇತನ ಮಿತಿ 15,000 ರೂಪಾಯಿ. ಕಂಪನಿಯ ಪಾಲಿನಿಂದ ಪಿಂಚಣಿ ಯೋಜನೆಗೆ ಹೋಗುವ ಶೇಕಡ 8.33 ಇದುವರೆಗೆ ಆ ಪೂರ್ಣ ಮಿತಿಯ ಮೇಲೆ, ಅಂದರೆ 1,250 ರೂಪಾಯಿ ಇತ್ತು. ಇನ್ನು 14,500ರ ಮೇಲೆ 1,208 ಆಗುತ್ತದೆ. ನಿವೃತ್ತಿಗೆ ಮುಂಚಿನ 60 ತಿಂಗಳ ವೇತನದ ಸರಾಸರಿಯ ಮೇಲೆ ಪಿಂಚಣಿ ನಿರ್ಧಾರವಾಗುವುದರಿಂದ ಈ ಸಣ್ಣ ವ್ಯತ್ಯಾಸ ಸಣ್ಣದಾಗಿಯೇ ಉಳಿಯುವುದಿಲ್ಲ. ಅಲ್ಲದೆ, ಎಲ್ಲ ನೌಕರರಿಗೂ ಸಾಮಾನ್ಯವಾಗಿ ಕೊಡುವ ಭತ್ಯೆಗಳು ಪಿಎಫ್ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಆಗುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯ 28 ಫೆಬ್ರುವರಿ 2019ರ ತೀರ್ಪಿನಲ್ಲಿ ಹೇಳಿದೆ. ನಮ್ಮ ಘಟಕದಲ್ಲಿ ವಿಶೇಷ ಭತ್ಯೆಯನ್ನು ಯಾವುದೇ ವಿಶೇಷ ಕೆಲಸಕ್ಕೆ ಕೊಡುತ್ತಿಲ್ಲ. ಪ್ರಯೋಗಾಲಯ, ಗೋದಾಮು, ಲೆಕ್ಕಪತ್ರ ಎನ್ನದೆ ಮಾಸಿಕ ವೇತನದ ಎಲ್ಲರಿಗೂ ಅದು ಇದೆ. ಹೀಗಿರುವಾಗ 12,600 ರೂಪಾಯಿಯನ್ನು ಪೂರ್ತಿ ಹೊರಗಿಟ್ಟು 14,500ರ ಮೇಲಷ್ಟೇ ಪಿಎಫ್ ಲೆಕ್ಕ ಹಾಕಲು ಆಧಾರ ಯಾವುದು ಎಂಬುದನ್ನು ದಯವಿಟ್ಟು ತಿಳಿಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದಿರುವುದು ಗ್ರಾಚ್ಯುಟಿ. ಪಿಎಫ್‌ನಲ್ಲಿ ಆಗುವ ನಷ್ಟ ಇಂದಿನಿಂದ ಮುಂದಕ್ಕೆ ಆಗುವಂಥದ್ದು. ಈಗಾಗಲೇ ಖಾತೆಯಲ್ಲಿರುವ ಹಣವನ್ನು ಯಾರೂ ಮುಟ್ಟುವುದಿಲ್ಲ. ಗ್ರಾಚ್ಯುಟಿ ಹಾಗಲ್ಲ. ಅದು ಕೊನೆಯದಾಗಿ ಪಡೆದ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ಒಟ್ಟು ವರ್ಷಗಳಿಗೆ ಲೆಕ್ಕ ಹಾಕುವ ಮೊತ್ತ. ಕೊನೆಯ ವೇತನ ಇಳಿದರೆ ಹಿಂದೆ ಹೆಚ್ಚಿನ ವೇತನದಲ್ಲಿ ದುಡಿದ ವರ್ಷಗಳ ಗ್ರಾಚ್ಯುಟಿಯೂ ಇಳಿಯುತ್ತದೆ. ನಾನು 9 ಜೂನ್ 2014ರಂದು ಸೇರಿದ್ದೇನೆ. ಆರು ತಿಂಗಳಿಗೂ ಮಿಕ್ಕಿದ ಅವಧಿಯನ್ನು ಪೂರ್ಣ ವರ್ಷವೆಂದು ಎಣಿಸುವ ನಿಯಮದಂತೆ ಇಂದಿಗೆ ನನ್ನ ಸೇವೆ 12 ವರ್ಷವಾಗುತ್ತದೆ. 19,600ರ ಮೇಲೆ ಇದು 1,35,692 ರೂಪಾಯಿ. 14,500ರ ಮೇಲೆ 1,00,385 ರೂಪಾಯಿ. ಈಗಾಗಲೇ ಮುಗಿಸಿದ ಸೇವೆಗೆ ಸಂಬಂಧಿಸಿದ 35,300 ರೂಪಾಯಿ ಚಿಲ್ಲರೆ ಒಂದೇ ಪತ್ರದಿಂದ ಇಲ್ಲವಾಗುತ್ತದೆ; ಅದೇ ಪತ್ರ ಗ್ರಾಚ್ಯುಟಿಯನ್ನು ನನಗೆ ಹೊಸದಾಗಿ ಸಿಗುತ್ತಿರುವ ಸೌಲಭ್ಯವೆಂಬಂತೆ ಒಟ್ಟು ಮೊತ್ತದಲ್ಲಿ ಸೇರಿಸಿಕೊಂಡಿದೆ.

ಕಾನೂನಿನ ದೃಷ್ಟಿಯಿಂದಲೂ ಈ ರಚನೆ ನನಗೆ ಅರ್ಥವಾಗುತ್ತಿಲ್ಲ. 2019ರ ವೇತನ ಸಂಹಿತೆ ಸೇರಿದಂತೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಕೇಂದ್ರ ಸರ್ಕಾರ 21 ನವೆಂಬರ್ 2025ರಿಂದ ಜಾರಿಗೆ ತಂದಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾಗಿ ವೇತನದ ವ್ಯಾಖ್ಯೆಯಿಂದ ಹೊರಗಿಟ್ಟ ಬಾಬತ್ತುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕೆಂದು ಅದು ಹೇಳುತ್ತದೆ. ಹಿಂದಿನ ಪತ್ರದಲ್ಲಿ ನನ್ನ ಮೂಲ ವೇತನ ನಿಶ್ಚಿತ ವೇತನದ ಶೇಕಡ 57ಕ್ಕೂ ಹೆಚ್ಚಿತ್ತು. ಈಗ ಶೇಕಡ 42 ಆಗಿದೆ. ವಿಶೇಷ ಭತ್ಯೆಯನ್ನು ವೇತನದ ಭಾಗವೆಂದು ತಾವು ಪರಿಗಣಿಸುವುದಾದರೆ ಗ್ರಾಚ್ಯುಟಿಯನ್ನು ಮೂಲ ವೇತನ ಮತ್ತು ಆ ಭತ್ಯೆ ಎರಡರ ಮೇಲೂ ಲೆಕ್ಕ ಹಾಕಬೇಕಾಗುತ್ತದೆ. ಹೊರಗಿಟ್ಟ ಬಾಬತ್ತೆಂದು ಪರಿಗಣಿಸುವುದಾದರೆ ಅರ್ಧದ ಮಿತಿ ಮೀರುತ್ತದೆ, ಆಗ ನಿಶ್ಚಿತ ವೇತನವೊಂದನ್ನೇ ಹಿಡಿದರೂ 17,250 ರೂಪಾಯಿಗೆ ಕಡಿಮೆಯಾಗದಂತೆ ವೇತನವನ್ನು ಎಣಿಸಬೇಕಾಗುತ್ತದೆ. ಯಾವ ದಾರಿಯಲ್ಲಿ ಹೋದರೂ 14,500ಕ್ಕೆ ಬಂದು ನಿಲ್ಲುವುದಿಲ್ಲ. ಆದರೆ ಪತ್ರದಲ್ಲಿರುವ 697 ರೂಪಾಯಿ, 14,500ರ ಶೇಕಡ 4.81 ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಹೊಸ ಸಂಹಿತೆಯ ಕಾರಣದಿಂದ ಮೂಲ ವೇತನ ಕಡಿಮೆ ಇರುವ ಕಡೆ ಅದನ್ನು ಏರಿಸಬೇಕಾಗಿ ಬರುವ ಕಾಲದಲ್ಲಿ, ಸರಿಯಾಗಿಯೇ ಇದ್ದ ನನ್ನ ವೇತನ ರಚನೆಯನ್ನು ಇಳಿಸಿರುವುದು ವಿಚಿತ್ರವಾಗಿ ಕಾಣುತ್ತದೆ.

ಗಳಿಕೆ ರಜೆಯ ನಗದೀಕರಣ ನಮ್ಮಲ್ಲಿ ಮೂಲ ವೇತನದ ಮೇಲೆಯೇ ಇರುವುದರಿಂದ ದಿನವೊಂದಕ್ಕೆ 754 ರೂಪಾಯಿ ಇದ್ದದ್ದು 558 ಆಗುತ್ತದೆ. ನನ್ನ ಖಾತೆಯಲ್ಲಿ ಡಿಸೆಂಬರ್ ಅಂತ್ಯಕ್ಕೆ ಉಳಿದಿದ್ದ ರಜೆಗಳಿಗಾದರೂ ಹಳೆಯ ದರ ಅನ್ವಯಿಸುತ್ತದೆಯೇ ಎಂಬುದನ್ನು ಸ್ಪಷ್ಟಪಡಿಸಬೇಕು.

ಸಾಧನೆ ಆಧಾರಿತ 2,000 ರೂಪಾಯಿಯ ಬಗ್ಗೆಯೂ ಒಂದು ಮಾತು. ನನ್ನ ವಿಭಾಗಕ್ಕೆ ಅದನ್ನು ತಿರಸ್ಕೃತ ಸರಕಿನ ಪ್ರಮಾಣಕ್ಕೆ ಕಟ್ಟಲಾಗಿದೆ. ಪಾರ್ಚ್‌ಮೆಂಟ್ ಕಾಫಿ ಶೇಕಡ 10ರ ತೇವಾಂಶಕ್ಕೆ ಒಣಗಿ ಬರಬೇಕು. ಕೊಯ್ಲಿನ ದಿನಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದರೆ ಕಣದಲ್ಲಿ ಒಣಗದ ಕಾಫಿಯೇ ನಮ್ಮ ಗೇಟಿಗೆ ಬರುತ್ತದೆ. ಮೀಟರ್ ಇಟ್ಟು ನೋಡಿ ತಿರಸ್ಕರಿಸುವುದು ನನ್ನ ಕರ್ತವ್ಯ. ಕರ್ತವ್ಯ ಮಾಡಿದಷ್ಟೂ ಆ ಮೊತ್ತ ಕರಗುವಂತಿದ್ದರೆ ಅದನ್ನು ನನ್ನ ವೇತನವೆಂದು ಒಟ್ಟಿನಲ್ಲಿ ಕೂಡಿಸುವುದು ಸರಿಯೇ ಎಂಬುದನ್ನು ತಾವೇ ಯೋಚಿಸಬೇಕು.

ನನ್ನ ನೇಮಕಾತಿ ಪತ್ರದ 7ನೇ ಷರತ್ತು, ವೇತನದ ರಚನೆಯನ್ನು "ನೌಕರರಿಗೆ ಅನನುಕೂಲವಾಗದಂತೆ" ಬದಲಿಸುವ ಅಧಿಕಾರವನ್ನು ಕಂಪನಿಗೆ ಕೊಟ್ಟಿದೆ. ಈಗಿನ ಬದಲಾವಣೆ ಆ ಮಾತಿಗೆ ಹೇಗೆ ಹೊಂದುತ್ತದೆ, ಇದನ್ನು ಯಾವ ಆದೇಶದ ಮೇಲೆ ಮಾಡಲಾಗಿದೆ, ಮತ್ತು ಇದು ಘಟಕದ ಎಲ್ಲರಿಗೂ ಆಗಿದೆಯೇ ಅಥವಾ ದೀರ್ಘಕಾಲದ ಸೇವೆಯವರಿಗೆ ಮಾತ್ರವೇ ಎಂಬುದಕ್ಕೆ ಲಿಖಿತ ಉತ್ತರ ಕೋರುತ್ತೇನೆ. ಕಂಪನಿಯ ವೆಚ್ಚವನ್ನು ಹೆಚ್ಚಿಸಬೇಕೆಂಬುದು ನನ್ನ ಬೇಡಿಕೆಯಲ್ಲ. ಈಗ ಕೊಡಲು ಒಪ್ಪಿರುವ 500 ರೂಪಾಯಿಯನ್ನು ಹಳೆಯ ರಚನೆಯಲ್ಲಿಯೇ ಮೂಲ ವೇತನಕ್ಕೆ ಸೇರಿಸಿ 20,100 ಮಾಡಿ, ಉಳಿದ ಭತ್ಯೆಗಳನ್ನು ಇದ್ದಂತೆಯೇ ಇರಿಸಿದರೆ ನಿಶ್ಚಿತ ವೇತನ ಅದೇ 34,500 ಆಗುತ್ತದೆ. ಪಿಎಫ್‌ಗೆ ಕಂಪನಿಯ ಪಾಲು 2,412 ರೂಪಾಯಿ ಆಗುತ್ತದೆ. ಹೀಗೆ ತಿದ್ದಿದ ಪತ್ರ ಬಂದರೆ ಕೂಡಲೇ ಸಹಿ ಮಾಡಿಕೊಡುತ್ತೇನೆ.

ಅಲ್ಲಿಯವರೆಗೆ, ತಾವು ಕಳುಹಿಸಿದ ಪ್ರತಿಯಲ್ಲಿ "ಪತ್ರ ತಲುಪಿದೆ, ಷರತ್ತುಗಳನ್ನು ಒಪ್ಪಿಲ್ಲ" ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ ಈ ಮನವಿಯೊಂದಿಗೆ ಲಗತ್ತಿಸಿದ್ದೇನೆ. ಜನವರಿ ಸಂಬಳದ ಲೆಕ್ಕ 25ರಂದು ಮುಗಿಯುವುದರಿಂದ, ತಮ್ಮ ನಿರ್ಧಾರ ಬರುವವರೆಗೆ ಹಳೆಯ ಮೂಲ ವೇತನದ ಮೇಲೆಯೇ ಪಿಎಫ್ ಕಟ್ಟುವಂತೆ ಲೆಕ್ಕಪತ್ರ ವಿಭಾಗಕ್ಕೆ ಸೂಚಿಸಬೇಕೆಂದು ಕೋರುತ್ತೇನೆ. ಹೊಸ ದರದಲ್ಲಿಯೇ ಸಂಬಳ ಜಮಾ ಆದರೂ ಅದನ್ನು ಪಡೆದ ಮಾತ್ರಕ್ಕೆ ನಾನು ಬದಲಾವಣೆಯನ್ನು ಒಪ್ಪಿದಂತೆ ಭಾವಿಸಬಾರದೆಂದು ಇದರ ಮೂಲಕ ತಿಳಿಸುತ್ತಿದ್ದೇನೆ. ಮುಖಾಮುಖಿ ಚರ್ಚೆ ಬೇಕೆಂದು ತಮಗೆ ಅನ್ನಿಸಿದರೆ ಪಾಳಿ ಮುಗಿದ ಮೇಲೆ ಯಾವ ದಿನವಾದರೂ ಬರಲು ಸಿದ್ಧಳಿದ್ದೇನೆ. ಅಲ್ಲಿ ಆದ ಮಾತನ್ನೂ ಬರಹದಲ್ಲಿ ಕೊಡಬೇಕೆಂದು ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಲತಾ ಎಚ್. ಎಸ್.

ಲಗತ್ತು: ಪರಿಷ್ಕೃತ ವೇತನ ಪತ್ರದ ಸಹಿ ಮಾಡಿದ ಪ್ರತಿ, ಹಿಂದಿನ ವೇತನ ಪತ್ರ, ಡಿಸೆಂಬರ್ 2025ರ ವೇತನ ಚೀಟಿ, ನೇಮಕಾತಿ ಪತ್ರದ 7ನೇ ಷರತ್ತು ಇರುವ ಪುಟ.

ಪ್ರತಿ: ಘಟಕದ ಪ್ರಧಾನ ವ್ಯವಸ್ಥಾಪಕರಿಗೆ, ಮಾಹಿತಿಗಾಗಿ.