ಉಪ್ಪಾಗೆ ಸಂಸ್ಕರಣಾ ಯೋಜನೆ: ಮುಕ್ತಾಯ ಅವಧಿಯ ಆಯವ್ಯಯ (1 ಜನವರಿ 2025 ರಿಂದ 31 ಮಾರ್ಚ್ 2025)

ಗೆ: ಅಧ್ಯಕ್ಷರು ಮತ್ತು ಕಾರ್ಯಕಾರಿ ಮಂಡಳಿಯ ಸದಸ್ಯರು, ಶಿವಮೊಗ್ಗ
ಇಂದ: ಯೋಜನಾ ಲೆಕ್ಕಿಗ, ಸಾಗರ ಕಚೇರಿ
ದಿನಾಂಕ: 6 ಜನವರಿ 2025

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ 8 ಹಳ್ಳಿಗಳಲ್ಲಿ 2019ರ ಏಪ್ರಿಲ್ 1ರಿಂದ ನಡೆದ ಈ ಯೋಜನೆಯ ಕ್ಷೇತ್ರ ಚಟುವಟಿಕೆಗಳು ಕಳೆದ ಡಿಸೆಂಬರ್ 31ಕ್ಕೆ ನಿಂತಿವೆ. ಉಳಿದ ಮೂರು ತಿಂಗಳಲ್ಲಿ ಸಿಬ್ಬಂದಿಯ ಬಾಕಿ ತೀರಿಸುವುದು, ಸ್ವತ್ತುಗಳನ್ನು ಹಸ್ತಾಂತರಿಸುವುದು, ಕಡತಗಳನ್ನು ಭದ್ರಪಡಿಸುವುದು ಮತ್ತು ಅಂತಿಮ ಲೆಕ್ಕಪರಿಶೋಧನೆಗೆ ಅಣಿಯಾಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ದಾನಿ ಸಂಸ್ಥೆಯು ಮಾರ್ಚ್ 31ರ ನಂತರದ ಅವಧಿಯ ಯಾವ ವೆಚ್ಚವನ್ನೂ ಒಪ್ಪುವುದಿಲ್ಲವಾದ್ದರಿಂದ, ಆ ದಿನದೊಳಗೆ ಉಂಟಾಗುವ ಎಲ್ಲ ಹೊಣೆಗಳನ್ನೂ ಈ ಆಯವ್ಯಯದಲ್ಲಿ ಸೇರಿಸಲಾಗಿದೆ.

| ಬಾಬ್ತು | ಮೊತ್ತ (₹) |
|---|---|
| ಸಿಬ್ಬಂದಿಯ ಅಂತಿಮ ಪಾವತಿ | 7,33,300 |
| ಸ್ವತ್ತುಗಳ ಹಸ್ತಾಂತರ | 58,600 |
| ದಾಖಲೆಗಳ ಸಂರಕ್ಷಣೆ | 45,000 |
| ಸಾಗರ ಕಚೇರಿ ತೆರವು | 33,500 |
| ಅಂತಿಮ ಲೆಕ್ಕಪರಿಶೋಧನೆ | 46,300 |
| ಒಟ್ಟು | 9,16,700 |

ಸಿಬ್ಬಂದಿಯ ಅಂತಿಮ ಪಾವತಿ

ನಾಲ್ವರು ಕ್ಷೇತ್ರ ಕಾರ್ಯಕರ್ತರ ಸೇವೆ ಫೆಬ್ರವರಿ 28ಕ್ಕೂ, ಸಂಯೋಜಕರ ಮತ್ತು ಲೆಕ್ಕಿಗನ ಸೇವೆ ಮಾರ್ಚ್ 31ಕ್ಕೂ ಮುಗಿಯುತ್ತದೆ. ನೇಮಕಾತಿ ಪತ್ರದಂತೆ ಎಲ್ಲರಿಗೂ ಒಂದು ತಿಂಗಳ ನೋಟಿಸು ಜನವರಿಯಲ್ಲೇ ತಲುಪಬೇಕು. ತಡವಾದರೆ ಆ ಅವಧಿಯ ಸಂಬಳವನ್ನು ಹೆಚ್ಚುವರಿಯಾಗಿ ಕೊಡಬೇಕಾಗುತ್ತದೆ, ಅದಕ್ಕೆ ಇಲ್ಲಿ ಹಣ ಇಟ್ಟಿಲ್ಲ. ತಿಂಗಳಿಗೆ ಸಂಯೋಜಕರಿಗೆ ₹42,000, ಲೆಕ್ಕಿಗನಿಗೆ ₹28,000 ಮತ್ತು ಕಾರ್ಯಕರ್ತರಿಗೆ ತಲಾ ₹22,000ದಂತೆ ಸಂಬಳದ ಮೊತ್ತ ₹3,86,000 ಆಗುತ್ತದೆ. ಭವಿಷ್ಯ ನಿಧಿಗೆ ಸಂಸ್ಥೆಯ ಪಾಲನ್ನು ₹15,000ದ ಮಿತಿಯ ಮೇಲೆ, ಆಡಳಿತ ಶುಲ್ಕ ಮತ್ತು ವಿಮಾ ವಂತಿಗೆಯೂ ಸೇರಿ, ಒಬ್ಬರಿಗೆ ತಿಂಗಳಿಗೆ ₹1,950ರಂತೆ ಲೆಕ್ಕ ಹಾಕಿದೆ, ಅದು ₹27,300. ಬಳಸದೆ ಉಳಿದ ಗಳಿಕೆ ರಜೆಯ ನಗದೀಕರಣಕ್ಕೆ ₹59,000 ಬೇಕು.

ಮಂಡಳಿಯ ಗಮನ ಹೆಚ್ಚು ಬೇಕಾಗಿರುವುದು ಗ್ರಾಚ್ಯುಟಿಗೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಂತೆ ಐದು ವರ್ಷ ನಿರಂತರ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸಿ ಕೊಡಬೇಕು. 2019ರ ಜೂನ್‌ನಲ್ಲಿ ಸೇರಿದ ಇಬ್ಬರು ಕಾರ್ಯಕರ್ತರ ಸೇವೆ ಐದು ವರ್ಷ ಒಂಬತ್ತು ತಿಂಗಳಾಗುತ್ತಿದ್ದು, ಆರು ತಿಂಗಳಿಗೆ ಮೀರಿದ ಅವಧಿಯನ್ನು ಪೂರ್ಣ ವರ್ಷವೆಂದು ಎಣಿಸಬೇಕಿರುವುದರಿಂದ ಅವರಿಗೂ ಆರು ವರ್ಷದ ಲೆಕ್ಕವೇ ಅನ್ವಯಿಸುತ್ತದೆ: ಮೂಲ ವೇತನ ₹15,600ಕ್ಕೆ ತಲಾ ₹54,000. ಸಂಯೋಜಕರಿಗೆ ₹90,000, ಲೆಕ್ಕಿಗನಿಗೆ ₹63,000, ಒಟ್ಟು ₹2,61,000. ನನ್ನ ಹೆಸರಿನ ಮೊತ್ತವೂ ಇದರಲ್ಲಿ ಇರುವುದರಿಂದ ಈ ಲೆಕ್ಕವನ್ನು ಖಜಾಂಚಿಯವರು ಸ್ವತಃ ಹಾಕಿ ನೋಡಿ ಸಹಿ ಮಾಡಬೇಕೆಂದು ಕೋರುತ್ತೇನೆ.

ಗ್ರಾಚ್ಯುಟಿ ಮೀಸಲಿನಲ್ಲಿ ಇರುವುದು ₹1,60,000 ಮಾತ್ರ. 2020-21 ಮತ್ತು 2021-22ರಲ್ಲಿ ನಾವು ಮೀಸಲಿಗೆ ಹಣ ತೆಗೆದಿಡಲಿಲ್ಲ. ಆ ತಪ್ಪಿನ ಭಾರ ಈಗ ಒಟ್ಟಿಗೆ ಬಿದ್ದಿದೆ. ಆದರೂ ಮೂವತ್ತು ದಿನದೊಳಗೆ ಕೊಡಲೇಬೇಕಾದ ಹಣವಾದ್ದರಿಂದ ಕಾರ್ಯಕರ್ತರ ಪಾವತಿ ಮಾರ್ಚ್ 30ನ್ನು ದಾಟುವಂತಿಲ್ಲ. 2022ರ ಜುಲೈನಲ್ಲಿ ಸೇರಿದ ಉಳಿದಿಬ್ಬರಿಗೆ ಕಾಯ್ದೆಯಂತೆ ಗ್ರಾಚ್ಯುಟಿ ಬರುವುದಿಲ್ಲ. ಮೂರು ಮಳೆಗಾಲ ಒಲೆಗಳ ಮುಂದೆ ರಾತ್ರಿ ಕಳೆದವರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂದು ತಿಂಗಳ ಮೂಲ ವೇತನದಷ್ಟು, ಅಂದರೆ ಒಟ್ಟು ₹31,200 ಗೌರವಧನವನ್ನು ಸಂಸ್ಥೆಯ ಸಾಮಾನ್ಯ ನಿಧಿಯಿಂದ ಕೊಡಬಹುದು. ದಾನಿ ಸಂಸ್ಥೆ ಒಪ್ಪದ ಬಾಬ್ತಾದ್ದರಿಂದ ಅದನ್ನು ಮೇಲಿನ ಕೋಷ್ಟಕದಲ್ಲಿ ಸೇರಿಸಿಲ್ಲ.

ಸ್ವತ್ತುಗಳ ಹಸ್ತಾಂತರ

ಉಪ್ಪಾಗೆ ಒಣಗಿಸುವ 24 ಒಲೆಗಳನ್ನು ಆಯಾ ಹಳ್ಳಿಯ ಗ್ರಾಮ ಅರಣ್ಯ ಸಮಿತಿ ಅಥವಾ ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸುವುದೆಂದು ಈಗಾಗಲೇ ತೀರ್ಮಾನವಾಗಿದೆ. ಡಿಸೆಂಬರ್‌ನ ತಪಾಸಣೆಯಲ್ಲಿ 9 ಒಲೆಗಳ ಹೊಗೆ ಕೊಳವೆ ಬುಡದಲ್ಲಿ ತುಕ್ಕು ಹಿಡಿದು, ಬೆರಳಿನಿಂದ ಒತ್ತಿದರೆ ತಗಡು ಪುಡಿಯಾಗುವಷ್ಟು ಸವೆದಿರುವುದು ಕಂಡುಬಂತು. ಉಪ್ಪಾಗೆ ಕೊಯ್ಲು ಮಳೆಗಾಲದ್ದೇ ಆಗಿರುವುದರಿಂದ ಒಲೆ ಕೆಟ್ಟಿರುವುದು ಗೊತ್ತಾಗುವುದೂ ಜೂನ್‌ನಲ್ಲೇ, ಆಗ ನಾವು ಇರುವುದಿಲ್ಲ. ಆದ್ದರಿಂದ ದುರಸ್ತಿ ಮಾಡಿಸಿಯೇ ಕೊಡಬೇಕು: ತಲಾ ₹2,800ರಂತೆ ₹25,200. ಎಂಟು ಹಳ್ಳಿಗಳ ಹಸ್ತಾಂತರ ಸಭೆಗೆ ₹12,000, ಛಾಪಾ ಕಾಗದ ಮತ್ತು ಕರಾರು ಪತ್ರದ ಬೆರಳಚ್ಚಿಗೆ ₹2,800, ತಕ್ಕಡಿಗಳಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಲು ₹3,200, ಸಾಗಾಟಕ್ಕೆ ₹9,000 ಇಟ್ಟಿದೆ. ಎರಡು ಬೈಕುಗಳ ವಿಮೆ ಮತ್ತು ಹೆಸರು ವರ್ಗಾವಣೆಗೆ ₹6,400 ಬೇಕು. ನಮೂನೆ 29 ಮತ್ತು 30ನ್ನು ಸಲ್ಲಿಸದೆ ಬೀಗದ ಕೈ ಕೊಡಬಾರದು, ಏಕೆಂದರೆ ಅಲ್ಲಿಯವರೆಗೆ ಅಪಘಾತದ ಹೊಣೆ ಸಂಸ್ಥೆಯ ಮೇಲೇ ಇರುತ್ತದೆ.

ಪ್ರತಿ ಹಸ್ತಾಂತರ ಪತ್ರದಲ್ಲಿ ವಸ್ತುವಿನ ದಾಸ್ತಾನು ಸಂಖ್ಯೆ, ಖರೀದಿ ವರ್ಷ, ಈಗಿನ ಸ್ಥಿತಿ ಮತ್ತು ಪಡೆದವರ ಇಬ್ಬರು ಪದಾಧಿಕಾರಿಗಳ ಸಹಿ ಇರತಕ್ಕದ್ದು. ಹಳೆಯ ಗಣಕಯಂತ್ರ ಮತ್ತು ಕುರ್ಚಿಗಳ ಮಾರಾಟದಿಂದ ₹6,000 ಬರಬಹುದು.

ದಾಖಲೆಗಳ ಸಂರಕ್ಷಣೆ

ಆದಾಯ ತೆರಿಗೆ ನಿಯಮ 17ಎಎ ಪ್ರಕಾರ ಲೆಕ್ಕಪತ್ರಗಳನ್ನು ಸಂಬಂಧಿಸಿದ ತೆರಿಗೆ ನಿರ್ಧಾರಣಾ ವರ್ಷದ ಕೊನೆಯಿಂದ ಹತ್ತು ವರ್ಷ ಕಾಯ್ದಿಡಬೇಕು. 2024-25ರ ಪುಸ್ತಕಗಳಿಗೆ ಇದು 31 ಮಾರ್ಚ್ 2036ರವರೆಗೆ. ಹನ್ನೊಂದು ಮಲೆನಾಡ ಮಳೆಗಾಲ ಎಂದು ಓದಿಕೊಂಡರೆ ಖರ್ಚಿನ ಅಗತ್ಯ ತಿಳಿಯುತ್ತದೆ. ಗೋಡೆಗೆ ತಾಗಿಸಿ ಇಟ್ಟಿದ್ದ 2021-22ರ ವೋಚರ್ ಕಟ್ಟಿನ ಅಡಿಯ ಹಾಳೆಗಳನ್ನು ವರಲೆ ತಿಂದಿದ್ದು, ಮೇಲಿನವು ಬೂಸಲು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. 62 ಕಡತಗಳ ಸುಮಾರು 14,000 ಪುಟಗಳ ಸ್ಕ್ಯಾನಿಂಗ್‌ಗೆ ₹21,000, ಒಂದು ಕಬ್ಬಿಣದ ಬೀರುವಿಗೆ ₹11,500, ಎರಡು ಹಾರ್ಡ್ ಡಿಸ್ಕ್‌ಗಳಿಗೆ ₹8,400, ಶಿವಮೊಗ್ಗಕ್ಕೆ ಸಾಗಿಸಲು ₹2,500 ಬೇಕು. ಪೆಟ್ರೋಲ್ ಬಂಕಿನ ರಸೀದಿಗಳ ಅಕ್ಷರ ಮಾಸುತ್ತಿರುವುದರಿಂದ ಅವುಗಳ ಜೆರಾಕ್ಸ್ ತೆಗೆದು ಸಹಿ ಮಾಡಿ ಮೂಲಕ್ಕೆ ಲಗತ್ತಿಸಲು ₹1,600 ಇಟ್ಟಿದೆ. ವರ್ಷಕ್ಕೊಮ್ಮೆ ವರಲೆ ಔಷಧಿ ಹಾಕಿಸುವ ವೆಚ್ಚ ಕೇಂದ್ರ ಕಚೇರಿಯದು.

ಕಚೇರಿ ತೆರವು

ಮೂರು ತಿಂಗಳ ಬಾಡಿಗೆ ₹19,500, ವಿದ್ಯುತ್ ಮತ್ತು ಇಂಟರ್ನೆಟ್ ₹6,000, ಬಿಡುವಾಗಿನ ಸುಣ್ಣ-ಬಣ್ಣ ₹8,000. ₹40,000 ಮುಂಗಡ ಮರಳಿ ಬರಲಿದೆ.

ಅಂತಿಮ ಲೆಕ್ಕಪರಿಶೋಧನೆ

ಲೆಕ್ಕಪರಿಶೋಧಕರ ಶುಲ್ಕ ₹35,000, ಅದರ ಮೇಲಿನ ಶೇ. 18 ಜಿಎಸ್‌ಟಿ ₹6,300 ಮತ್ತು ಕ್ಷೇತ್ರ ಭೇಟಿಗೆ ₹5,000. ಪರಿಶೋಧನೆ ಏಪ್ರಿಲ್‌ನಲ್ಲಿ ನಡೆದರೂ ಶುಲ್ಕವನ್ನು ಮಾರ್ಚ್ 31ಕ್ಕೆ ಕೊಡಬೇಕಾದ ಬಾಕಿಯೆಂದು ಪುಸ್ತಕದಲ್ಲಿ ತೋರಿಸಬೇಕು. ಇಲ್ಲದಿದ್ದರೆ ದಾನಿ ಸಂಸ್ಥೆ ಇದನ್ನು ಅವಧಿ ಮೀರಿದ ವೆಚ್ಚವೆಂದು ತಳ್ಳಿಹಾಕುತ್ತದೆ. ಹಾಗೆ ತೋರಿಸಿದ ದಿನವೇ ಶೇ. 10ರ ಟಿಡಿಎಸ್ ಕಡಿತವೂ ಆಗಬೇಕು, ಅದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಮಾರ್ಚ್ ತಿಂಗಳ ಭವಿಷ್ಯ ನಿಧಿ ಪಾವತಿಯೂ ಏಪ್ರಿಲ್ 15ರವರೆಗೆ ಬಾಕಿ ಇರುವುದರಿಂದ ಯೋಜನೆಯ ಬ್ಯಾಂಕ್ ಖಾತೆಯನ್ನು ಮೇ ತಿಂಗಳ ಕೊನೆಗೆ ಮೊದಲು ಮುಚ್ಚಬಾರದು.

ಹಣದ ಮೂಲ ಮತ್ತು ಕೊರತೆ

ಡಿಸೆಂಬರ್ 31ರ ಬ್ಯಾಂಕ್ ಶಿಲ್ಕು ₹2,18,400, ಗ್ರಾಚ್ಯುಟಿ ಮೀಸಲು ₹1,60,000, ದಾನಿ ಸಂಸ್ಥೆಯ ಕೊನೆಯ ಕಂತು ₹4,50,000, ಬಾಡಿಗೆ ಮುಂಗಡ ₹40,000 ಮತ್ತು ಮಾರಾಟದ ₹6,000 ಸೇರಿ ಲಭ್ಯವಾಗುವುದು ₹8,74,400. ಕೊರತೆ ₹42,300. ಇದಲ್ಲದೆ ಕೊನೆಯ ಕಂತಿನ ₹1,00,000ವನ್ನು ಪರಿಶೋಧನಾ ವರದಿ ಮತ್ತು ಹಣ ಬಳಕೆ ಪ್ರಮಾಣಪತ್ರ ತಲುಪಿದ ಮೇಲಷ್ಟೇ ದಾನಿ ಸಂಸ್ಥೆ ಬಿಡುಗಡೆ ಮಾಡುತ್ತದೆ. ಅಷ್ಟರವರೆಗೆ ಕಾರ್ಯಕರ್ತರ ಗ್ರಾಚ್ಯುಟಿಯನ್ನು ತಡೆಹಿಡಿಯುವ ಬದಲು, ಸಾಮಾನ್ಯ ನಿಧಿಯಿಂದ ₹1,42,300 ಒದಗಿಸಿ, ಅದರಲ್ಲಿ ₹1,00,000ವನ್ನು ಬಂದ ಕೂಡಲೇ ಮರಳಿ ಜಮಾ ಮಾಡುವಂತೆ ಮಂಡಳಿಯು ಠರಾವು ಮಾಡಬೇಕೆಂದು ಕೋರಿದೆ. ₹31,200 ಗೌರವಧನದ ಬಗ್ಗೆ ಪ್ರತ್ಯೇಕ ಠರಾವು ಬೇಕಾಗುತ್ತದೆ.

ಸಹಿ,
ಯೋಜನಾ ಲೆಕ್ಕಿಗ, ಸಾಗರ