ವಿಷಯ: ಅಡ್ಮಿನ್ ಮ್ಯಾನೇಜರ್ ಹುದ್ದೆ – ಗುರುವಾರದ ಸಂದರ್ಶನದ ನಂತರ, ತಿದ್ದಿದ ರೆಸ್ಯೂಮೆ ಜೊತೆಗೆ

ರೇಖಾ ಮೇಡಂ, ನಮಸ್ಕಾರ.

ಕಳೆದ ಗುರುವಾರ ಮುಕ್ಕಾಲು ಗಂಟೆ ಕೂತು ಮಾತಾಡಿದ್ದಕ್ಕೆ ಧನ್ಯವಾದ. ಒಂದು ವಾರದಲ್ಲಿ ತಿಳಿಸುತ್ತೇವೆ ಅಂದಿದ್ದಿರಿ, ಇವತ್ತು ಬುಧವಾರ. ನಿಮ್ಮನ್ನು ಅವಸರಪಡಿಸಲು ಬರೆಯುತ್ತಿಲ್ಲ. ನಿಮ್ಮ ಎರಡು ಪ್ರಶ್ನೆಗಳಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ ಅಂತ ಮನೆ ಸೇರಿದ ಮೇಲೆ ಅನ್ನಿಸಿತು.

ಮೊದಲನೆಯದು, ‘ನಿಮ್ಮ ಮೇಲೆ ಮೂರು ಕೋರ್ಟ್ ಆಫ್ ಇನ್‌ಕ್ವೈರಿ ನಡೆದಿವೆಯಾ?’ ಅಂತ ಕೇಳಿದಿರಿ. ನಾನು ನಕ್ಕುಬಿಟ್ಟೆ, ಕ್ಷಮಿಸಿ. ತಪ್ಪು ನಿಮ್ಮದಲ್ಲ, ರೆಸ್ಯೂಮೆಯಲ್ಲಿ ಹಾಗೆ ಬರೆದ ನನ್ನದು. ಅದು ನ್ಯಾಯಾಲಯ ಅಲ್ಲ. ಸಾಮಾನು ಕಳೆದರೆ, ವಾಹನ ಅಪಘಾತ ಆದರೆ ಏನಾಯಿತು, ಯಾಕಾಯಿತು ಅಂತ ಸಾಕ್ಷಿಗಳನ್ನು ಕೇಳಿ ವರದಿ ಕೊಡುವ ಸಮಿತಿ. ಮೂರಕ್ಕೂ ನಾನು ಅಧ್ಯಕ್ಷನಾಗಿದ್ದೆ. ನಿಮ್ಮಲ್ಲಿ ಲ್ಯಾಪ್‌ಟಾಪ್ ಕಳೆದಾಗ, ಕ್ಯಾಬ್ ಡಿಕ್ಕಿ ಹೊಡೆದಾಗ ನಡೆಯುವ ಆಂತರಿಕ ತನಿಖೆಯ ಹಾಗೆ.

ಎರಡನೆಯದು ಗಂಭೀರ ಪ್ರಶ್ನೆ. ‘ನಿಮಗೆ ಆರ್ಡರ್ ಕೊಟ್ಟು ಅಭ್ಯಾಸ. ಇಲ್ಲಿ ಯಾರೂ ನಿಮ್ಮ ಕೈಕೆಳಗಿರಲ್ಲ. ಹೇಗೆ ಕೆಲಸ ಮಾಡಿಸ್ತೀರಿ?’ ಅಂದಿರಿ. ಅವತ್ತು ‘ಹೊಂದಿಕೊಳ್ತೀನಿ’ ಅಂತ ಒಂದೇ ಮಾತು ಹೇಳಿ ಸುಮ್ಮನಾದೆ. ಅದು ಉತ್ತರವೇ ಅಲ್ಲ.

ನಿಜ ಏನೆಂದರೆ, ಸೇನೆಯಲ್ಲಿ ಆಡಳಿತ ನೋಡಿಕೊಳ್ಳುವವನಿಗೆ ಬೇಕಾದ ಜನರಲ್ಲಿ ಅರ್ಧದಷ್ಟು ಮಂದಿ ಅವನ ಅಧೀನದಲ್ಲಿ ಇರುವುದಿಲ್ಲ. ಕಟ್ಟಡ ದುರಸ್ತಿ ಮಿಲಿಟರಿ ಇಂಜಿನಿಯರ್ ಸರ್ವಿಸಸ್ ಕೈಯಲ್ಲಿ. ಲೆಕ್ಕ ತಪಾಸಣೆ ರಕ್ಷಣಾ ಲೆಕ್ಕಪತ್ರ ಇಲಾಖೆಯ ಕೈಯಲ್ಲಿ. ಅವರಿಗೆ ನನ್ನ ಭುಜದ ಮೇಲಿನ ನಕ್ಷತ್ರ ಲೆಕ್ಕಕ್ಕಿಲ್ಲ. ಒಮ್ಮೆ ಮಳೆಗಾಲಕ್ಕೆ ಮೂರು ವಾರ ಇರುವಾಗ ಎರಡು ಉಗ್ರಾಣಗಳ ಚಾವಣಿ ಸೋರುತ್ತಿತ್ತು. ನಾಲ್ಕು ಪತ್ರ ಬರೆದೆ, ಒಂದೊಂದೂ ಹಿಂದಿನದಕ್ಕಿಂತ ಖಾರ. ಏನೂ ಆಗಲಿಲ್ಲ. ಕೊನೆಗೆ ಜೂನಿಯರ್ ಇಂಜಿನಿಯರ್ ಹತ್ತಿರ ಹೋಗಿ ಟೀ ಕುಡಿಯುತ್ತಾ ಕೇಳಿದೆ. ಅಳತೆ ಇಲ್ಲ ಅಂತ ಎಸ್ಟಿಮೇಟ್ ವಾಪಸ್ ಬಂದಿತ್ತು, ಅಳೆಯಲು ಅವರ ಹತ್ತಿರ ಜನ ಇರಲಿಲ್ಲ. ಟೇಪ್ ಹಿಡಿಯಲು ನಮ್ಮ ಇಬ್ಬರು ಜವಾನರನ್ನು ಕಳಿಸಿದೆ. ಮಳೆ ಬರುವ ಮೊದಲು ಒಂದು ಚಾವಣಿ ಪೂರ್ತಿ ಆಯಿತು. ಇನ್ನೊಂದಕ್ಕೆ ಟಾರ್ಪಾಲು ಹೊದಿಸಿ ಸಂಭಾಳಿಸಿದೆವು. ಐದನೇ ಪತ್ರ ಬರೆಯಲಿಲ್ಲ.

ರೆಸ್ಯೂಮೆಯನ್ನು ಹೊಸದಾಗಿ ಬರೆದು ಲಗತ್ತಿಸಿದ್ದೇನೆ. ಹಳೆಯದರಲ್ಲಿದ್ದ ‘ಟು ಐ.ಸಿ.’ ಈಗ ‘ಸುಮಾರು 500 ಜನರ ಘಟಕದ ಉಪ ಮುಖ್ಯಸ್ಥ: ಆಡಳಿತ, ವಸತಿ, ಊಟ, ಸಾರಿಗೆ, ಕಲ್ಯಾಣ’ ಅಂತಾಗಿದೆ. ‘ಬೋರ್ಡ್ ಆಫ್ ಆಫೀಸರ್ಸ್’ ಅನ್ನುವುದನ್ನು ‘ಖರೀದಿ ಮತ್ತು ದಾಸ್ತಾನು ಪರಿಶೀಲನಾ ಸಮಿತಿ’ ಮಾಡಿದ್ದೇನೆ. ಕೊನೆಯ ಐದು ವರ್ಷದ ಖರೀದಿ ಜಾಸ್ತಿ ಪಾಲು ಸರ್ಕಾರದ ಜೆಮ್ ಪೋರ್ಟಲ್ ಮೂಲಕ ಮಾಡಿದ್ದು, ಅದನ್ನೂ ಸೇರಿಸಿದ್ದೇನೆ. ಲಡಾಖ್‌ನಲ್ಲಿ ಚಳಿಗಾಲಕ್ಕೆ ಮುಂಚೆ ಮಾಡುವ ದಾಸ್ತಾನಿನ ಬಗ್ಗೆ ನೀವು ಕುತೂಹಲದಿಂದ ಕೇಳಿದ್ದಿರಿ. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ತಿಂಗಳುಗಟ್ಟಲೆ ಬೇಕಾಗುವ ಆಹಾರ, ಸೀಮೆಎಣ್ಣೆ ಮೇಲೆ ಸೇರಿರಬೇಕು. ಮರೆತದ್ದನ್ನು ಆಮೇಲೆ ತರಿಸಿಕೊಳ್ಳುವುದು ಸುಲಭವಲ್ಲ. ಸ್ಥಳ, ಪ್ರಮಾಣ ಬರೆಯುವಂತಿಲ್ಲ, ಆದರೆ ಯೋಜನೆ ಹಾಕಿದ ಕ್ರಮ ಎರಡನೇ ಪುಟದಲ್ಲಿದೆ.

ಬಾರದ್ದನ್ನೂ ಹೇಳಿಬಿಡುತ್ತೇನೆ. ಕಚೇರಿ ಜಾಗದ ಬಾಡಿಗೆ ಒಪ್ಪಂದ ನಾನು ಯಾವತ್ತೂ ಚೌಕಾಸಿ ಮಾಡಿಲ್ಲ. ನೀವು ಬಳಸುವ ಎಸ್.ಎ.ಪಿ. ನೋಡಿಲ್ಲ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಗುತ್ತಿಗೆ ಕಾರ್ಮಿಕರ ಪಿ.ಎಫ್., ಇ.ಎಸ್.ಐ. ದಾಖಲೆ ಪರಿಶೀಲನೆಯನ್ನು ಈಗ ಓದಿಕೊಳ್ಳುತ್ತಿದ್ದೇನೆ. ಮೊದಲ ಮೂರು ತಿಂಗಳು ಇವಕ್ಕೆ ಯಾರಾದರೂ ಜೊತೆಗಿದ್ದರೆ ಒಳ್ಳೆಯದು.

ಇನ್ನೊಂದು ಮಾತು, ನೀವು ಕೇಳಲು ಸಂಕೋಚಪಟ್ಟಿರಿ ಅನ್ನಿಸಿತು. ನನ್ನ ಮೇಲಿನವರು ನನಗಿಂತ ಹದಿನೈದು ವರ್ಷ ಚಿಕ್ಕವರಾಗಿರುತ್ತಾರೆ, ಅಲ್ವಾ? ನನಗೆ ತೊಂದರೆ ಇಲ್ಲ. ಹೆಸರು ಹಿಡಿದು ಕರೆಯಲಿ, ‘ಕರ್ನಲ್ ಸಾಬ್’ ಬೇಡ. ಪಿಂಚಣಿ ಇದೆ ಅಂತ ಸಂಬಳ ಕಡಿಮೆ ಇಡುವುದು ಮಾತ್ರ ಬೇಡ. ಅದು ಹಿಂದಿನ 24 ವರ್ಷದ ಕೆಲಸಕ್ಕೆ ಬರುತ್ತಿರುವುದು.

ನೋಟಿಸ್ ಅವಧಿ ಇಲ್ಲ, ಬರುವ ತಿಂಗಳ ಒಂದನೇ ತಾರೀಕಿನಿಂದಲೇ ಸೇರಬಲ್ಲೆ. ನಿಮ್ಮ ಫೆಸಿಲಿಟಿ ಹೆಡ್ ಜೊತೆ ಇನ್ನೊಂದು ಸುತ್ತು ಮಾತು ಬೇಕಿದ್ದರೆ ಶುಕ್ರವಾರ ಅಥವಾ ಸೋಮವಾರ ಯಾವ ಹೊತ್ತಾದರೂ ಬರುತ್ತೇನೆ. ಆ ಹುದ್ದೆಗೆ ಬೇರೆಯವರು ಆಯ್ಕೆ ಆಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ, ಬೇಜಾರಿಲ್ಲ.

ವಿಶ್ವಾಸದಿಂದ,
ಪೂವಯ್ಯ
ಲೆಫ್ಟಿನೆಂಟ್ ಕರ್ನಲ್ (ನಿವೃತ್ತ), ಆರ್ಮಿ ಸರ್ವಿಸ್ ಕೋರ್