ಪಾಲುದಾರಿಕೆಯಿಂದ ಹೊರಡುವಾಗ

ಶಿರಸಿ
24 ಜೂನ್ 2025

ಪ್ರೀತಿಯ ಗಣಪತಿ ಭಾವ, ಸವಿತಕ್ಕ, ನಮ್ಮ ಉಪ್ಪಿನಕಾಯಿ ಘಟಕದಲ್ಲಿ ಕೆಲಸ ಮಾಡುವ ಎಲ್ಲರಿಗೂ, ಮಿಡಿ ಕೊಡುವ ಮನೆಯವರಿಗೂ, ಅಂಗಡಿಯವರಿಗೂ ನಮಸ್ಕಾರ.

ಇದೇ ಜೂನ್ 30ಕ್ಕೆ ನಾನು ಪಾಲುದಾರಿಕೆಯಿಂದ ಹೊರಬರುತ್ತಿದ್ದೇನೆ. ಸಂಸ್ಥೆ ಮುಚ್ಚುವುದಿಲ್ಲ. ಹೆಸರು, ಜಾಗ, ಲೇಬಲ್, ಉಪ್ಪಿನಕಾಯಿ ಹಾಕುವ ಪದ್ಧತಿ ಎಲ್ಲ ಹಾಗೇ ಇರುತ್ತದೆ. ಜುಲೈ 1ರಿಂದ ಗಣಪತಿ ಭಾವ, ಸವಿತಕ್ಕ ಇಬ್ಬರೇ ಪಾಲುದಾರರಾಗಿ ಮುಂದುವರಿಸುತ್ತಾರೆ. ನಮ್ಮ ಪೇಟೆಯಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಬೇರೆ ಬಣ್ಣ ಬರುತ್ತದೆ ಅಲ್ವಾ? ಅದಕ್ಕೇ ನಾನೇ ಬರೆದು ತಿಳಿಸುತ್ತಿದ್ದೇನೆ.

ಹೊರಡುವುದಕ್ಕೆ ಮೊದಲ ಕಾರಣ ತೋಟ. ಯಲ್ಲಾಪುರದ ಕಡೆ ಇರುವ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಅಪ್ಪನಿಗೆ ಈಗ ದರೆ ಇಳಿದು ತೋಟಕ್ಕೆ ಹೋಗುವುದೇ ಕಷ್ಟ. ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಸೇರಿಸಿ ಔಷಧಿ ಮಾಡಬೇಕು. ಹೊಳವಾದ ದಿನ ನೋಡಿ ಕೊನೆಗೌಡರನ್ನು ಕರೆಸಬೇಕು. ಕೊಳೆರೋಗ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಶಿರಸಿಯಲ್ಲಿ ಕೂತು ಫೋನಿನಲ್ಲಿ ಮಾಡಿಸುವ ಕೆಲಸ ಅಲ್ಲ ಅದು.

ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬಾಟಲಿ ತುಂಬುವ ಯಂತ್ರ ತರಬೇಕು, ಬೆಂಗಳೂರಿಗೆ ಆನ್‌ಲೈನಿನಲ್ಲಿ ಜಾಸ್ತಿ ಮಾರಬೇಕು ಅನ್ನುವುದು ಅವರಿಬ್ಬರ ಆಸೆ. ನನಗೆ ಇಷ್ಟೇ ಗಾತ್ರ ಸಾಕು ಅನಿಸುತ್ತದೆ. ಒಂದು ವರ್ಷದಿಂದ ಇದನ್ನು ಕೂತು ಮಾತಾಡಿದ್ದೇವೆ. ಅವರ ಲೆಕ್ಕ ಸರಿಯಾಗಿಯೇ ಇದೆ. ಸವಿತಕ್ಕನ ಮಕ್ಕಳು ಊರಿಗೆ ವಾಪಸ್ ಬಂದು ಇದರಲ್ಲೇ ಸೇರುವ ಮನಸ್ಸು ಮಾಡಿದ್ದಾರೆ, ಅವರಿಗೆಲ್ಲ ಹೊಟ್ಟೆ ತುಂಬಬೇಕೆಂದರೆ ವ್ಯಾಪಾರ ಬೆಳೆಯಲೇಬೇಕು. ಮನಸ್ಸಿಲ್ಲದ ಒಬ್ಬ ಪಾಲುದಾರ ಪ್ರತಿ ಸಾಲಕ್ಕೂ ಪ್ರತಿ ಖರೀದಿಗೂ ಅನುಮಾನದಿಂದ ಸಹಿ ಹಾಕುತ್ತ ಕೂರುವುದು ಯಾರಿಗೂ ಒಳ್ಳೆಯದಲ್ಲ. ಜಗಳ ಆಗಿಲ್ಲ. ಆಗುವ ಹಾಗೆ ನಾವು ಬಿಟ್ಟಿಲ್ಲ.

2013ರಲ್ಲಿ ಮೂವರೂ ಸೇರಿ ಶುರು ಮಾಡಿದಾಗ ನಮ್ಮ ಹತ್ತಿರ ಇದ್ದದ್ದು ಸವಿತಕ್ಕನ ಕೈರುಚಿ, ಭಾವನ ಹಳೇ ಜೀಪು, ಬಾಡಿಗೆಯ ಒಂದು ಶೆಡ್ಡು. ಆಗಲೇ ಭಾವ ಒಂದು ನಿಯಮ ಹಾಕಿದ: ಕೊಂಬೆ ಕಡಿದು ತಂದ ಮಿಡಿ ಬೇಡ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ, ತೊಟ್ಟು ಇರುವ ಮಿಡಿಯೇ ಆಗಬೇಕು. ತೊಟ್ಟು ಮುರಿದರೆ ಸೊನೆ ಸೋರುತ್ತದೆ, ಸೊನೆ ಹೋದರೆ ಅಪ್ಪೆಮಿಡಿಯ ಪರಿಮಳವೇ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೆರಡು ಮಿಡಿ ಒಳಗೆ ಸೇರಿದರೂ ಮೆತ್ತಗಾಗಿ ಪಕ್ಕದವನ್ನೂ ಕೆಡಿಸುತ್ತವೆ. ಅದಕ್ಕಿಂತ ದೊಡ್ಡ ವಿಷಯ ಮರದ್ದು. ಅಘನಾಶಿನಿ, ಬೇಡ್ತಿ ಹೊಳೆಯ ದಂಡೆಯಲ್ಲಿರುವ ಮರಗಳನ್ನು ಯಾರೂ ನೆಟ್ಟಿದ್ದಲ್ಲ. ಒಂದು ಮರದ ಮಿಡಿಗೆ ಜೀರಿಗೆ ವಾಸನೆ, ಇನ್ನೊಂದರದ್ದಕ್ಕೆ ಕರ್ಪೂರದ ವಾಸನೆ. ಗೊರಟು ನೆಟ್ಟರೆ ಅದೇ ಗುಣ ಬರುತ್ತದೆ ಅನ್ನುವ ಭರವಸೆ ಇಲ್ಲ, ಕಸಿಯೇ ಕಟ್ಟಬೇಕು. ಒಂದು ಒಳ್ಳೆಯ ಮರ ಹೋದರೆ ಆ ರುಚಿಯೇ ಹೋದ ಹಾಗೆ. ಅಪ್ಪೆಮಿಡಿಗೆ ಈಗ ಜಿಐ ಗುರುತು ಇದೆ, ಬೇಡಿಕೆಯೂ ಇದೆ. ಬೇಡಿಕೆ ಜಾಸ್ತಿಯಾದಷ್ಟೂ ಕತ್ತಿ ಮರದ ಬುಡಕ್ಕೆ ಹತ್ತಿರ ಬರುತ್ತದೆ. ಯಂತ್ರ ಬರಲಿ, ಬೆಂಗಳೂರಿಗೆ ಹೋಗಲಿ, ಈ ನಿಯಮ ಮಾತ್ರ ಸಡಿಲ ಮಾಡಬೇಡಿ. ಹೊರಗೆ ಹೋಗುವವನು ಕೇಳಿಕೊಳ್ಳುವುದು ಇದೊಂದೇ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದದ್ದು ನಡು ಸೀಸನ್ನಿನಲ್ಲಿ. ಡ್ರಮ್ಮುಗಳಲ್ಲಿ ಮಿಡಿ ಉಪ್ಪಿನಲ್ಲಿತ್ತು, ಅಂಗಡಿಗಳಿಗೆ ಬಾಗಿಲು, ಕೈಯಲ್ಲಿ ದುಡ್ಡಿಲ್ಲ. ಭಾವ ಮಿಡಿ ಕೊಟ್ಟ ಒಬ್ಬೊಬ್ಬರಿಗೂ ಫೋನ್ ಮಾಡಿ ಎಷ್ಟು ಬಾಕಿ ಇದೆ ಎಂದು ತಾನೇ ಓದಿ ಹೇಳಿದ. ಅವರು ಕೇಳುವ ಮೊದಲೇ ಹೇಳಿದ. ಯಾರೂ ಗದ್ದಲ ಮಾಡಲಿಲ್ಲ. ಸಾಣಿಕಟ್ಟಾದ ಹರಳುಪ್ಪು ಮಿಡಿಯನ್ನು ಕಾಯಿತು, ಮಿಡಿ ಕೊಟ್ಟವರು ನಮ್ಮನ್ನು ಕಾದರು. ಬಾಗಿಲು ತೆರೆದ ಮೇಲೆ ಮೊದಲು ಬಂದ ದುಡ್ಡೆಲ್ಲ ಅವರಿಗೇ ಹೋಯಿತು, ಆ ವರ್ಷ ನಾವು ಮೂವರೂ ಲಾಭ ಅಂತ ಏನೂ ತೆಗೆದುಕೊಳ್ಳಲಿಲ್ಲ. ನನ್ನ ಬದುಕಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ವರ್ಷ ಅದು.

ಸವಿತಕ್ಕ, ನಿನಗೆ ಏನು ಬರೆಯಲಿ? ಸಾಸಿವೆ ಹದ, ಮೆಣಸಿನ ಹದ ನೀನು ಯಾವತ್ತೂ ಮುಚ್ಚಿಡಲಿಲ್ಲ. ಕೆಲಸಕ್ಕೆ ಬಂದ ಪ್ರತಿ ಹೆಂಗಸಿಗೂ ಕಲಿಸಿದೆ. ಅವರು ತಮ್ಮ ಮನೆಯಲ್ಲೇ ಹಾಕಿ ಮಾರಿದರೆ ಎಂದು ನಾನು ಕೇಳಿದಾಗ, ಮಾರಲಿ, ಅವರಿಗೂ ನಾಲ್ಕು ಕಾಸು ಆಗಲಿ ಎಂದೆ. ಈ ದೊಡ್ಡ ಮನಸ್ಸು ನಾನು ನಿನ್ನಿಂದ ನೋಡಿ ಕಲಿತದ್ದು. ಘಟಕದ ಅಕ್ಕಂದಿರೇ, ಜಡಿಮಳೆಯಲ್ಲೂ ಬಸ್ಸು ಕಾದು ಬಂದವರು ನೀವು. ನಿಮ್ಮ ಸಂಬಳ, ರಜೆ, ದೀಪಾವಳಿ ಬೋನಸ್ ಯಾವುದರಲ್ಲೂ ಬದಲಾವಣೆ ಇಲ್ಲ. ಇದನ್ನು ಮಾತಿನಲ್ಲಿ ಬಿಟ್ಟಿಲ್ಲ, ಪತ್ರದಲ್ಲೇ ಬರೆಸಿದ್ದೇವೆ.

ಇನ್ನು ಲೆಕ್ಕದ ವಿಷಯ. ಜೂನ್ 30ರ ತನಕದ ಲೆಕ್ಕವನ್ನು ಸಿಎ ನೋಡುತ್ತಾರೆ. ನನ್ನ ಬಂಡವಾಳ ಮತ್ತು ಲಾಭದ ಪಾಲು ಮೂರು ಕಂತಿನಲ್ಲಿ ಕೊಡುವುದೆಂದು ಒಪ್ಪಿದ್ದೇವೆ, ಕೊನೆಯ ಕಂತು ಮುಂದಿನ ಮಿಡಿ ಸೀಸನ್ ಮುಗಿದ ಮೇಲೆ. ಮಿಡಿ ಕೊಳ್ಳುವ ಹೊತ್ತಿಗೆ ಅವರ ಕೈ ಬರಿದಾಗಬಾರದು ಎಂದು ನಾನೇ ಹಾಗೆ ಕೇಳಿದೆ. ನಿವೃತ್ತಿ ಪತ್ರ ಸ್ಟ್ಯಾಂಪ್ ಪೇಪರಿನಲ್ಲಿ ತಯಾರಾಗಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರಕಟಣೆ ಕೊಡುವ ತನಕ ಹೊರಗಿನವರ ದೃಷ್ಟಿಯಲ್ಲಿ ಹಳೆಯ ಪಾಲುದಾರನ ಹೊಣೆ ತಪ್ಪುವುದಿಲ್ಲ. ಹಾಗಾಗಿ ರಿಜಿಸ್ಟ್ರಾರ್ ಕಚೇರಿಗೆ ತಿಳಿಸಿ, ಗೆಜೆಟ್‌ನಲ್ಲೂ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡುತ್ತೇವೆ. ಪತ್ರಿಕೆಯಲ್ಲಿ ಅದನ್ನು ನೋಡಿ ಗಾಬರಿಯಾಗಬೇಡಿ, ಅದು ನಿಯಮದಂತೆ ಮಾಡುವ ಕೆಲಸ. ಜಿಎಸ್‌ಟಿ ನೋಂದಣಿಯಿಂದಲೂ ಬ್ಯಾಂಕಿನ ಖಾತೆಯಿಂದಲೂ ನನ್ನ ಹೆಸರು ತೆಗೆಸುತ್ತೇವೆ. ಜುಲೈ 1ರ ನಂತರ ನನ್ನ ಸಹಿ ಇರುವ ಹೊಸ ಚೆಕ್ ಯಾರಿಗೂ ಬರುವುದಿಲ್ಲ. ಅಲ್ಲಿಯ ತನಕದ ಬಾಕಿಗೆ ಮೂವರೂ ಜವಾಬ್ದಾರರು. ಯಾರದ್ದಾದರೂ ಬಿಲ್ ಉಳಿದಿದ್ದರೆ ಈ ವಾರವೇ ಕಳಿಸಿ.

ಸಂಸ್ಥೆಯ ಹೆಸರಿನ ಮೇಲೆ ನನಗೆ ಹಕ್ಕಿಲ್ಲ. ಬೇರೆ ಉಪ್ಪಿನಕಾಯಿ ಉದ್ಯೋಗ ಶುರು ಮಾಡುವ ಯೋಚನೆಯೂ ಇಲ್ಲ. ಕುಮಟಾ, ಹೊನ್ನಾವರದ ಅಂಗಡಿಯವರ ಆರ್ಡರ್ ಇಷ್ಟು ದಿನ ನನಗೇ ಬರುತ್ತಿತ್ತು, ಇನ್ನು ಮುಂದೆ ಭಾವನಿಗೆ ಫೋನ್ ಮಾಡಿ. ಯಾವ ಅಂಗಡಿಗೆ ಯಾವ ಅಳತೆಯ ಬಾಟಲಿ, ಯಾರಿಗೆ ಖಾರ ಕಮ್ಮಿ, ಯಾರ ಹಳೇ ಬಾಕಿ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದು ಕೊಟ್ಟಿದ್ದೇನೆ. ನೀವು ನನಗೆ ತೋರಿಸಿದ ವಿಶ್ವಾಸವನ್ನೇ ಅವರಿಗೂ ತೋರಿಸಿ.

ನನ್ನ ನಂಬರ್ ಅದೇ ಇರುತ್ತದೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ರಾತ್ರಿ ಊಟದ ಹೊತ್ತಿಗೆ ಮಾಡಿದರೆ ಸಿಗುತ್ತೇನೆ. ಭಾವ, ಫೆಬ್ರವರಿಯಲ್ಲಿ ಮಿಡಿ ಆರಿಸಲು ಜನ ಕಮ್ಮಿ ಬಿದ್ದರೆ ಹೇಳು. ಅಡಿಕೆ ಕೊಯ್ಲು ಅಷ್ಟರಲ್ಲಿ ಮುಗಿದಿರುತ್ತದೆ, ನಾಲ್ಕು ದಿನ ಬಂದು ಹೋಗುತ್ತೇನೆ.

ನಿಮ್ಮ,
ಶ್ರೀಧರ